ಶುಕ್ರವಾರದ ಚೀಲದಲ್ಲಿ ಉಳಿದ ಕಾಗದ

ಗಂಡ ತೀರಿಕೊಂಡ ಒಂಬತ್ತನೆಯ ತಿಂಗಳಿಗೆ ನಾನು ಅವರ ಕುರ್ಚಿಯಲ್ಲೇ ಹೋಗಿ ಕುಳಿತೆ. ಅನುಕಂಪದ ಆಧಾರದ ನೌಕರಿ ಎಂದು ಆದೇಶದಲ್ಲಿ ಬರೆದಿತ್ತು. ಅನುಕಂಪಕ್ಕೂ ಮೊಹರು, ಸಹಿ, ಜಾವಕ ನಂಬರು ಇರುತ್ತವೆ ಎಂದು ನನಗೆ ಗೊತ್ತಾಗಿದ್ದೇ ಆಗ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು ಆ ಸರಕಾರಿ ವಿಮಾ ಕಂಪನಿಯ ಶಾಖೆ. ಮೆಟ್ಟಿಲು ಹತ್ತುವಾಗ ಬೀಜಕ್ಕೆ ಹಚ್ಚಿದ ಔಷಧಿಯ ವಾಸನೆ ಮೂಗಿಗೆ ಅಡರುತ್ತಿತ್ತು. ಹದಿಮೂರು ವರ್ಷ ಅವರ ಅಂಗಿಯಿಂದ ಬರುತ್ತಿದ್ದ ವಾಸನೆ ಅದೇ ಎಂದು ಮೊದಲ ದಿನವೇ ತಿಳಿಯಿತು. ತಿಳಿದರೂ ಏನೂ ಅನ್ನಿಸಲಿಲ್ಲ.

ಆ ವರ್ಷ ನನಗೆ ಯಾವುದಕ್ಕೂ ಏನೂ ಅನ್ನಿಸುತ್ತಿರಲಿಲ್ಲ. ಮಗಳು ಐದನೆಯ ಇಯತ್ತೆಯಲ್ಲಿದ್ದಳು. ಅವಳಿಗೆ ಜಡೆ ಹಾಕುತ್ತಿದ್ದೆ, ಡಬ್ಬಿ ಕಟ್ಟುತ್ತಿದ್ದೆ, ಕಚೇರಿಗೆ ಬರುತ್ತಿದ್ದೆ. ನೋಡಿದವರು ನಾನು ಬಹಳ ಗಟ್ಟಿ ಹೆಂಗಸು ಎಂದು ಹೊಗಳುತ್ತಿದ್ದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ ಇದ್ದೆ ಅಷ್ಟೆ.

ಅವರ ಮೇಜಿನ ಕೆಲಸವೇ ನನಗೂ ಬಂತು. ಅದರಲ್ಲಿ ದೊಡ್ಡದು, ಹಂಚಿಕೊಂಡ ಪಾಲಿಸಿಗಳ ರಿಜಿಸ್ಟರು. ಕೋ-ಇನ್ಶೂರೆನ್ಸ್ ಎನ್ನುತ್ತಿದ್ದರು. ಒಂದು ಕಾರ್ಖಾನೆಯ ಬೆಂಕಿ ವಿಮೆಯ ಭಾರವನ್ನು ಒಂದೇ ಕಂಪನಿ ಹೊರದೆ ಎರಡು ಮೂರು ಕಂಪನಿಗಳು ಪಾಲು ಮಾಡಿಕೊಳ್ಳುವುದು. ಅವರಲ್ಲಿ ಒಬ್ಬರು ಲೀಡರ್. ಪಾಲಿಸಿ ಬರೆಯುವವರು, ಗಿರಾಕಿಯಿಂದ ಪೂರ್ತಿ ಪ್ರೀಮಿಯಂ ಪಡೆದು ಉಳಿದವರ ಪಾಲು ಕಳಿಸುವವರು, ನಷ್ಟವಾದರೆ ಸರ್ವೇಯರನ್ನು ನೇಮಿಸುವವರು ಎಲ್ಲ ಲೀಡರೇ. ಉಳಿದವರು ಫಾಲೋವರ್, ಹಿಂದೆ ಬರುವವರು. ಆದರೆ ದುಡ್ಡು ಕೊಡುವ ಹೊತ್ತಿಗೆ ಪ್ರತಿಯೊಬ್ಬರೂ ತಮ್ಮ ತಮ್ಮ ಪಾಲಿಗೆ ಮಾತ್ರ ಹೊಣೆ. ಒಬ್ಬರು ಕೈ ಎತ್ತಿದರೆ ಇನ್ನೊಬ್ಬರು ತುಂಬಿಕೊಡುವ ಮಾತಿಲ್ಲ. ಲೀಡರ್ ಎಂಬ ಹೆಸರು ಕೇಳಿದಾಗ ಮೆರವಣಿಗೆಯ ಮುಂದೆ ನಡೆಯುವವರು ಅಂದುಕೊಂಡಿದ್ದೆ. ನೋಡಿದರೆ ಎಲ್ಲರ ಕಾಗದ ಹೊರುವವರು.

ಬ್ಯಾಡಗಿಯ ಹೊರಗೆ ಇದ್ದ ಒಂದು ಮೆಣಸಿನಕಾಯಿ ಕಾರ್ಖಾನೆ ನಮ್ಮ ರಿಜಿಸ್ಟರಿನ ಮೊದಲ ಪುಟದಲ್ಲಿತ್ತು. ಪುಡಿ ಮಾಡುವ ಗಿರಣಿ, ಬಣ್ಣದ ಎಣ್ಣೆ ತೆಗೆಯುವ ಘಟಕ, ಎರಡು ಗೋದಾಮು. ಎಣ್ಣೆ ತೆಗೆಯಲು ಬಳಸುವ ದ್ರಾವಕ ಬೆಂಕಿಗೆ ಪೆಟ್ರೋಲಿನಷ್ಟೇ ಹತ್ತಿರ. ಹಾಗಾಗಿ ಅಷ್ಟೂ ಭಾರ ಒಬ್ಬರೇ ಹೊರಲು ನಮ್ಮ ಮೇಲಿನ ಕಚೇರಿ ಒಪ್ಪಿರಲಿಲ್ಲ. ಅರ್ಧ ನಮ್ಮದು, ಲೀಡರೂ ನಾವೇ. ನೂರಕ್ಕೆ ಮೂವತ್ತು ಹಾವೇರಿಯಲ್ಲಿದ್ದ ಇನ್ನೊಂದು ಸರಕಾರಿ ಕಂಪನಿಯದು. ಉಳಿದ ಇಪ್ಪತ್ತು ಹೊಸದಾಗಿ ಬಂದಿದ್ದ ಖಾಸಗಿ ಕಂಪನಿಯದು. ಅದಕ್ಕೂ ಹಾವೇರಿಯಲ್ಲೇ ಒಂದು ಕೋಣೆಯ ಕಚೇರಿ ಇತ್ತು. ಮೂರೂ ಕಂಪನಿಗೆ ಪಾಲು ಸಿಕ್ಕಿದ್ದರಿಂದ ಕಾರ್ಖಾನೆಯ ಸಾವಕಾರರು ಖುಷಿಯಾಗಿದ್ದರು. ಪೇಟೆಯಲ್ಲಿ ಯಾರ ಜೊತೆಯೂ ಮುಖ ಕೆಡಿಸಿಕೊಳ್ಳದೆ ಬದುಕಿದ ಮನುಷ್ಯ ಅವರು.

ಪಾಲಿಸಿಯಲ್ಲಿ ಏನೇ ಬದಲಾದರೂ ಅದಕ್ಕೊಂದು ಎಂಡಾರ್ಸ್‌ಮೆಂಟ್ ಮಾಡಬೇಕು, ಅಂದರೆ ತಿದ್ದುಪಡಿಯ ಕಾಗದ. ಅದರ ಒಂದೊಂದು ಪ್ರತಿ ಫಾಲೋವರ್ ಇಬ್ಬರಿಗೂ ಮುಟ್ಟಬೇಕು. ನನ್ನ ಗಂಡ ಅದನ್ನು ಅಂಚೆಗೆ ಹಾಕುತ್ತಿರಲಿಲ್ಲ. ವಾರವಿಡೀ ಕೂಡಿದ ಕಾಗದಗಳನ್ನು ಒಂದು ಕಂದು ರೆಕ್ಸಿನ್ ಚೀಲದಲ್ಲಿ ಇಡುತ್ತ ಹೋಗಿ, ಶುಕ್ರವಾರ ಮಧ್ಯಾಹ್ನ ಬಸ್ಸು ಹಿಡಿದು ಹಾವೇರಿಗೆ ಹೋಗಿ, ಎರಡೂ ಕಚೇರಿಯಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಮುಟ್ಟಿದ ಮೊಹರು ಒತ್ತಿಸಿಕೊಂಡು ಬರುತ್ತಿದ್ದರು. ಖಾಸಗಿ ಕಂಪನಿಗೆ ಹೋಗಬೇಕಾದ ಪ್ರೀಮಿಯಂ ಪಾಲಿನ ಚೆಕ್ಕೂ ಆ ಕಾಗದಕ್ಕೇ ಪಿನ್ನು ಚುಚ್ಚಿ ಹೋಗುತ್ತಿತ್ತು. ಸರಕಾರಿ ಕಂಪನಿಗಳ ನಡುವಿನ ಲೆಕ್ಕವನ್ನು ಮೇಲಿನ ಕಚೇರಿಗಳು ತಾವೇ ಸರಿಮಾಡಿಕೊಳ್ಳುತ್ತಿದ್ದವು. ಶುಕ್ರವಾರ ಮನೆಗೆ ಬರುವುದು ತಡವಾಗುತ್ತದೆ ಎಂದು ನಾನು ಹದಿಮೂರು ವರ್ಷ ಗೊಣಗಿದ್ದೇನೆ. ಅಂಚೆಯವರಿಗೆ ಸಂಬಳ ಯಾಕೆ ಕೊಡುತ್ತಾರೆ ಎಂದು ಕೇಳಿದ್ದೇನೆ. ಕೈಯಾರೆ ಕೊಟ್ಟರೆ ಮನಸ್ಸು ಹಗುರ ಎನ್ನುತ್ತಿದ್ದರು.

ನಾನು ಕೆಲಸಕ್ಕೆ ಸೇರಿದಾಗ ಆ ಚೀಲ ಕುರ್ಚಿಯ ಬೆನ್ನಿಗೆ ಹಾಗೇ ನೇತಾಡುತ್ತಿತ್ತು. ಯಾರೂ ತೆಗೆದಿರಲಿಲ್ಲ. ನಾನೂ ತೆಗೆಯಲಿಲ್ಲ.

ಸುಗ್ಗಿ ಬಂತು. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲಗಳು ಬರತೊಡಗಿದರೆ ಕಾರ್ಖಾನೆಯ ಗೋದಾಮು ಮಾಡಿನವರೆಗೂ ತುಂಬುತ್ತದೆ. ಸಾವಕಾರರು ಸರಕಿನ ವಿಮೆ ಹೆಚ್ಚಿಸಬೇಕೆಂದು ಪತ್ರ ಬರೆದು, ಹೆಚ್ಚಿನ ಪ್ರೀಮಿಯಂಗೆ ನಮ್ಮ ಕಂಪನಿಯ ಹೆಸರಿಗೆ ಒಂದೇ ಚೆಕ್ಕು ಕಳಿಸಿದರು. ಪ್ರತಿವರ್ಷ ನಡೆಯುವ ಕೆಲಸ ಅದು, ನನ್ನ ಕೈಗೆ ಬಂದ ಮೊದಲ ತಿದ್ದುಪಡಿಯೂ ಅದೇ. ನಾನು ಹಳೆಯ ಪ್ರತಿ ನೋಡಿಕೊಂಡು ಎಂಡಾರ್ಸ್‌ಮೆಂಟ್ ತಯಾರಿಸಿದೆ. ಪ್ರಿಂಟರು ಕಿರುಗುಟ್ಟುತ್ತ ನಾಲ್ಕು ಪ್ರತಿ ಉಗುಳಿತು. ಮ್ಯಾನೇಜರು ಸಹಿ ಮಾಡಿದರು. ಒಂದು ಸಾವಕಾರರಿಗೆ ಹೋಯಿತು, ಒಂದು ಫೈಲಿಗೆ ಹೋಯಿತು. ಉಳಿದ ಎರಡನ್ನು, ಖಾಸಗಿಯವರ ಚೆಕ್ಕಿನ ಸಮೇತ, ಕುರ್ಚಿಯ ಹಿಂದಿನ ಚೀಲದಲ್ಲಿ ಇಟ್ಟು ಜಿಪ್ಪು ಎಳೆದೆ. ರಿಜಿಸ್ಟರಿನಲ್ಲಿ ಕಳಿಸಿದೆ ಎಂದು ಗೀಟು ಹಾಕಿದೆ.

ಇಷ್ಟೇ ನಾನು ಮಾಡಿದ ತಪ್ಪು. ಯಾರಿಗಾದರೂ ಹೇಳಿದರೆ ನಗುತ್ತಾರೆ. ಕಾಗದ ಚೀಲಕ್ಕೆ ಹೋಯಿತೆಂದರೆ ಹಾವೇರಿಗೆ ಹೋಯಿತು ಎಂದೇ ನನ್ನ ತಲೆಯಲ್ಲಿ ಕುಳಿತಿತ್ತು. ಶುಕ್ರವಾರ ಬಂತು, ಹೋಯಿತು. ಇನ್ನೊಂದು ಶುಕ್ರವಾರ ಬಂತು. ಚೀಲ ನನ್ನ ಬೆನ್ನಿಗೇ ತಾಗಿಕೊಂಡಿತ್ತು.

ಮೂರನೆಯ ವಾರ, ಮಂಗಳವಾರ ಊಟದ ಹೊತ್ತಿಗೆ, ಗೋದಾಮಿಗೆ ಬೆಂಕಿ ಬಿದ್ದಿದೆ ಎಂದು ಫೋನು ಬಂತು. ರಿಜಿಸ್ಟರು ನನ್ನ ಕೈಯಲ್ಲಿದ್ದುದರಿಂದ ಮ್ಯಾನೇಜರು ನನ್ನನ್ನೂ ಜೀಪಿನಲ್ಲಿ ಹತ್ತಿಸಿಕೊಂಡರು. ಅವರು ಧಾರವಾಡದ ಕಡೆಯವರು. ನನ್ನ ಗಂಡನ ಜೊತೆ ಬಹಳ ವರ್ಷ ಕೆಲಸ ಮಾಡಿದ್ದರು, ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದರು. ಬ್ಯಾಡಗಿ ಇನ್ನೂ ಮೈಲು ದೂರ ಇರುವಾಗಲೇ ಕಣ್ಣು ಉರಿಯತೊಡಗಿತು. ಮೆಣಸಿನಕಾಯಿ ಸುಟ್ಟ ಹೊಗೆ ಎಂದರೆ ಹೇಳತೀರದು. ರಸ್ತೆಯ ಮೇಲೆ ಎಲ್ಲರೂ ಬಾಯಿಗೆ ಒದ್ದೆ ಟವೆಲು ಕಟ್ಟಿಕೊಂಡು ಕೆಮ್ಮುತ್ತಿದ್ದರು. ದನಗಳೂ ಸೀನುತ್ತಿದ್ದವು. ತೊಟ್ಟು ಬಿಡಿಸುವ ಹೆಂಗಸರು ಕಾರ್ಖಾನೆಯ ಗೇಟಿನ ಹೊರಗೆ ಸಾಲಾಗಿ ಕುಳಿತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನ್ನ ಕಣ್ಣಿಂದಲೂ ಧಾರಾಕಾರ ನೀರು. ಗಂಡ ಹೋದ ಮೇಲೆ ನನ್ನ ಕಣ್ಣಲ್ಲಿ ನೀರು ಬಂದದ್ದು ಅದೇ ಮೊದಲು, ಅದೂ ಮೆಣಸಿನಕಾಯಿಯ ದಯೆಯಿಂದ.

ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಎಣ್ಣೆಯ ಘಟಕಕ್ಕೆ ಬೆಂಕಿ ದಾಟಿರಲಿಲ್ಲ. ಒಂದು ಗೋದಾಮು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಅರ್ಧದಷ್ಟು ಸರಕು ಅಗ್ನಿಶಾಮಕದವರ ನೀರಿನಲ್ಲಿ ನೆನೆದಿತ್ತು. ಸಾವಕಾರರು ಧೋತರದ ಚುಂಗು ಎತ್ತಿ ಹಿಡಿದು ಕೆಸರಿನಲ್ಲಿ ನಿಂತಿದ್ದರು. ನನ್ನನ್ನು ನೋಡಿ ಹತ್ತಿರ ಬಂದರು.

"ಅಕ್ಕಾರ, ಹೆಚ್ಚಿಗಿ ಮಾಡಿದ ಕಾಗದ ಎಲ್ಲಾರಿಗೂ ಮುಟ್ಟೇತಲ್ಲರಿ? ಈ ಮಾಲು ಬ್ಯಾಂಕಿನ ಸಾಲದಾಗ ತಗೊಂಡಿದ್ದು. ಇದು ಪೂರ್ತಿ ಬರಲಿಲ್ಲ ಅಂದ್ರ ನಾ ಈ ಗೇಟು ಮತ್ತ ತೆಗಿಯಾಂಗಿಲ್ಲ."

ಮುಟ್ಟೇತ್ರಿ ಎನ್ನಲು ಬಾಯಿ ತೆರೆದೆ. ಹಾಗೆ ತೆರೆದಾಗಲೇ ಕಂದು ಚೀಲ ಕಣ್ಣಮುಂದೆ ಬಂತು. ಕೆಮ್ಮು ಬಂದಂತೆ ಮಾಡಿ ಪಕ್ಕಕ್ಕೆ ಸರಿದೆ.

ಸಂಜೆ ಕಚೇರಿಗೆ ವಾಪಸ್ಸಾಗಿ ಜಿಪ್ಪು ಎಳೆದರೆ ಎರಡೂ ಪ್ರತಿ ಇದ್ದವು. ಚೆಕ್ಕೂ ಇತ್ತು. ಮ್ಯಾನೇಜರ ಮೇಜಿನ ಮೇಲೆ ಇಟ್ಟೆ. ಅವರು ಚೆಕ್ಕಿನ ತಾರೀಖು ನೋಡಿದರು, ಬಯ್ಯಲಿಲ್ಲ. ಬೈದಿದ್ದರೂ ನಡೆಯುತ್ತಿತ್ತು.

ಮುಂದಿನ ದಿನಗಳಲ್ಲಿ ಕೆಲಸ ಅದರ ಪಾಡಿಗೆ ನಡೆಯಿತು. ನಷ್ಟವಾದ ಸುದ್ದಿಯನ್ನು ಮರುದಿನವೇ ಇಬ್ಬರಿಗೂ ಬರೆದು ತಿಳಿಸಿದೆವು. ಸರ್ವೇಯರು ಹುಬ್ಬಳ್ಳಿಯಿಂದ ಬಂದರು. ಗೋದಾಮಿನ ತಂತಿಯಲ್ಲಿ ಕಿಡಿ ಹಾರಿದ್ದೇ ಕಾರಣ ಎಂದು ಅವರಿಗೆ ಖಾತ್ರಿಯಾಯಿತು, ಅದರಲ್ಲಿ ಯಾರದೂ ತಕರಾರಿಲ್ಲ. ಒಳಗಿದ್ದ ಸರಕಿನ ಬೆಲೆ ಹೆಚ್ಚಿಸಿದ ಮೊತ್ತಕ್ಕೆ ಸರಿಯಾಗಿತ್ತು, ಹಳೆಯ ಮೊತ್ತಕ್ಕಿಂತ ಎಷ್ಟೋ ಮೇಲೆ. ಸಾವಕಾರರ ಲೆಕ್ಕದಲ್ಲಿ ಒಂದು ಚೂರೂ ಕೊಂಕಿರಲಿಲ್ಲ.

ಹಾವೇರಿಯ ಸರಕಾರಿ ಕಂಪನಿಯವರು ಲೀಡರ್ ಸಹಿ ಮಾಡಿದ್ದೇ ಸಾಕು, ನಮ್ಮ ಪಾಲು ನಾವು ಕೊಡುತ್ತೇವೆ ಎಂದರು. ಹಳೆಯ ಸ್ನೇಹ, ಹಳೆಯ ರೂಢಿ. ಖಾಸಗಿಯವರು ಹಾಗೆ ಅನ್ನಲಿಲ್ಲ. ಹೆಚ್ಚಿಸಿದ ಕಾಗದ ತಮಗೆ ಬಂದಿಲ್ಲ, ಹೆಚ್ಚಿನ ಪ್ರೀಮಿಯಂನ ಪಾಲೂ ಬಂದಿಲ್ಲ, ಪ್ರೀಮಿಯಂ ಕೈಸೇರದೆ ಹೊಣೆ ಹೊರಲು ಕಾನೂನು ಒಪ್ಪುವುದಿಲ್ಲ, ಆದ್ದರಿಂದ ತಮ್ಮ ಇಪ್ಪತ್ತು ಪಾಲು ಹಳೆಯ ಮೊತ್ತದ ಮೇಲೆ ಮಾತ್ರ ಎಂದು ಪತ್ರ ಬರೆದರು. ಸರಕಿನ ಬೆಲೆಗಿಂತ ವಿಮೆಯ ಮೊತ್ತ ಎಷ್ಟು ಕಡಿಮೆಯೋ ಅದೇ ಪ್ರಮಾಣದಲ್ಲಿ ನಷ್ಟದ ಹಣವನ್ನೂ ಕತ್ತರಿಸುವುದು ಬೆಂಕಿ ವಿಮೆಯ ನಿಯಮ. ಹಳೆಯ ಮೊತ್ತ ಹಿಡಿದರೆ ಅವರ ಪಾಲಿಗೆ ಕತ್ತರಿ ಬೀಳುತ್ತಿತ್ತು. ಆ ಕೊರತೆ ಸಾವಕಾರರ ತಲೆಗೆ, ಅವರಿಂದ ಗೇಟಿನ ಹೊರಗೆ ಕುಳಿತ ಹೆಂಗಸರ ತಲೆಗೆ. ಪತ್ರ ಓದಿ ನನಗೆ ಸಿಟ್ಟು ಬರಲಿಲ್ಲ. ಅವರು ಬರೆದದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ.

ಮೂರೂ ಕಂಪನಿಯವರು ಹಾವೇರಿಯಲ್ಲಿ ಕೂಡಿ ಮಾತಾಡುವುದೆಂದು ಗೊತ್ತಾಯಿತು. ನಮ್ಮ ಮೇಲಿನ ಕಚೇರಿಯ ಅಧಿಕಾರಿಯೂ ಬರುವವರಿದ್ದರು. ಹಿಂದಿನ ದಿನ ಮ್ಯಾನೇಜರು ನನ್ನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಒಂದು ಹಾಳೆ ಕೊಟ್ಟರು. ಟೈಪು ಮಾಡಿಸಿ ಇಟ್ಟಿದ್ದರು, ನನ್ನ ಸಹಿ ಒಂದು ಬಾಕಿ. ಸುಗ್ಗಿಯಲ್ಲಿ ಸರಕಿನ ವಿಮೆ ಹೆಚ್ಚಿಸಿದರೆ ಕಾಗದದ ದಾರಿ ಕಾಯಬೇಕಿಲ್ಲ, ಫೋನಿನಲ್ಲಿ ಹೇಳಿದರೆ ಸಾಕು ಎಂದು ನನ್ನ ಗಂಡ ಖಾಸಗಿ ಕಂಪನಿಯವರ ಜೊತೆ ಬಾಯಿಮಾತಿನಲ್ಲಿ ಒಪ್ಪಂದ ಮಾಡಿಕೊಂಡಿದ್ದರು, ಆ ರೂಢಿಯಂತೆಯೇ ನಾನು ಫೋನು ಮಾಡಿದ್ದೆ ಎಂದು ಅದರಲ್ಲಿ ಇತ್ತು.

"ನೋಡವಾ ತಂಗಿ," ಎಂದರು. "ಹ್ವಾದಾಂವನ್ನ ಯಾರೂ ಕರದು ಕೇಳಾಂಗಿಲ್ಲ. ನಿನ್ನ ನೌಕರಿ ಇನ್ನೂ ಪಕ್ಕಾ ಆಗಿಲ್ಲ, ಮಗಳು ಸಣ್ಣಾಕಿ ಅದಾಳ. ಅಂವ ಇದ್ದಿದ್ದರ ತಾನ ಹೇಳತಿದ್ದ, ನನ್ನ ಮ್ಯಾಲ ಹಾಕ್ರಿ ಅಂತ."

ಅವರು ಕೆಟ್ಟವರಲ್ಲ. ನನ್ನ ನೌಕರಿ ಉಳಿಸಲೆಂದೇ ಆ ಹಾಳೆ ಬರೆಸಿದ್ದರು. ನನ್ನ ಪ್ರೊಬೇಷನ್ ಮುಗಿಯಲು ಇನ್ನೂ ತಿಂಗಳುಗಳಿದ್ದವು. ಇಂಥ ತಪ್ಪು ದಾಖಲೆಗೆ ಹೋದರೆ ಮನೆಗೆ ಕಳಿಸಲೂಬಹುದಿತ್ತು. ಗಂಡ ಹಾಗೆ ಹೇಳುತ್ತಿದ್ದರು ಎಂಬುದೂ ಖರೆಯೇ ಇರಬೇಕು. ಮನೆಯಲ್ಲಿ ಹಾಲು ಉಕ್ಕಿದರೂ ತಾನೇ ಒಲೆ ಮರೆತೆ ಎನ್ನುವ ಜಾತಿ. ಹಾಳೆ ಹಿಡಿದುಕೊಂಡು ನನ್ನ ಜಾಗಕ್ಕೆ ಬಂದೆ. ಪೆನ್ನಿನ ಮುಚ್ಚಳವನ್ನೂ ತೆಗೆದೆ.

ಆಮೇಲೆ ಏಕೋ ಎದ್ದು ಗಂಡನ ಕಪಾಟು ತೆರೆದೆ. ಅವರು ಹಾವೇರಿಗೆ ಒಯ್ದು ತಂದ ಪ್ರತಿಗಳೆಲ್ಲ ವರ್ಷವಾರು ದಾರ ಕಟ್ಟಿಕೊಂಡು ಅಲ್ಲಿದ್ದವು. ಒಂದೊಂದೇ ತಿರುವಿದೆ. ಪ್ರತಿಯೊಂದರ ಮೂಲೆಯಲ್ಲೂ ಮೊಹರು, ತಾರೀಖು, ಕೆಳಗೆ ಅವರ ಸಣ್ಣ ಸಹಿ. ಜ್ವರದಲ್ಲಿ ಮಲಗಿದ್ದ ವಾರದ್ದೂ ಇತ್ತು. ಆ ಶುಕ್ರವಾರ ಎದ್ದು ಹೊರಟಾಗ ನಾನು ಬಾಗಿಲಿಗೆ ಅಡ್ಡ ನಿಂತು ಜಗಳ ಮಾಡಿದ್ದು ನೆನಪಾಯಿತು. ಒಂದು ಕಾಗದವನ್ನೂ ಫೋನಿನ ಮೇಲೆ ಬಿಟ್ಟ ಮನುಷ್ಯ ಅಲ್ಲ. ಅವರು ಉಳಿಸಿಹೋದದ್ದು ಎಂದರೆ ಒಬ್ಬ ಮಗಳು, ಈ ಕಟ್ಟು. ಮ್ಯಾನೇಜರು ಕೊಟ್ಟ ಹಾಳೆಗೆ ಸಹಿ ಹಾಕಿದರೆ ಆ ಕಟ್ಟು ಸುಳ್ಳಾಗುತ್ತಿತ್ತು. ನಾನು ದೊಡ್ಡ ಸತ್ಯವಂತೆ ಎಂದು ಹೇಳಿಕೊಳ್ಳುವುದಿಲ್ಲ. ಅವತ್ತು ನನಗೆ ಅಷ್ಟು ಮಾತ್ರ ಸಹಿಸಲಾಗಲಿಲ್ಲ. ಇನ್ನೊಂದು ಹಾಳೆ ತೆಗೆದುಕೊಂಡು, ಕಾಗದಗಳನ್ನು ನಾನೇ ಚೀಲದಲ್ಲಿಟ್ಟೆ, ಅವು ನಮ್ಮ ಕಚೇರಿಯಿಂದ ಹೊರಗೆ ಹೋಗಲೇ ಇಲ್ಲ ಎಂದು ಕೈಬರಹದಲ್ಲಿ ಎರಡು ಸಾಲು ಬರೆದೆ. ಸಹಿ ಹಾಕಿದೆ.

ಮ್ಯಾನೇಜರು ಓದಿ, ನೀನೂ ಅವನ ಹಂಗ ಹಟಮಾರಿ ಎಂದಷ್ಟೇ ಅಂದು ಕನ್ನಡಕ ಒರೆಸಿಕೊಂಡರು.

ಮರುದಿನ ಹಾವೇರಿಯ ಸರಕಾರಿ ಕಂಪನಿಯ ಕಚೇರಿಯಲ್ಲಿ ಎಲ್ಲರೂ ಕುಳಿತರು. ಸಾವಕಾರರನ್ನೂ ಕರೆಸಿದ್ದರು. ನಾನು ಕಪಾಟಿನ ಕಟ್ಟನ್ನೂ ಚೀಲವನ್ನೂ ತಂದಿದ್ದೆ. ಖಾಸಗಿ ಕಂಪನಿಯಿಂದ ಬಂದವರು ಕತ್ತಿಗೆ ಟೈ ಕಟ್ಟಿಕೊಂಡ ಚಿಕ್ಕ ವಯಸ್ಸಿನ ಅಧಿಕಾರಿ. ಮಾತು ಮೆತ್ತಗೆ, ಹಿಡಿದ ಪಟ್ಟು ಮಾತ್ರ ಬಿಡುವವರಲ್ಲ. ಕಟ್ಟನ್ನು ತಿರುವಿ ನೋಡಿ, ಪ್ರತಿ ಸಲವೂ ಮೊಹರು ಒತ್ತಿಸಿಕೊಂಡು ಹೋಗುವುದೇ ನಿಮ್ಮ ರೂಢಿ, ಈ ಸಲ ಮೊಹರಿಲ್ಲ, ಆದ್ದರಿಂದ ನಾವು ಒಪ್ಪಿಕೊಂಡಂತೆ ಆಗಲಿಲ್ಲ ಎಂದರು. ನನ್ನ ಗಂಡನ ಶಿಸ್ತೇ ನಮಗೆ ತಿರುಗುಬಾಣವಾಯಿತು. ಸಾವಕಾರರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ನಮ್ಮ ಮೇಲಿನ ಕಚೇರಿಯ ಅಧಿಕಾರಿ ನಾನು ಬರೆದ ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ಚೀಲದಾಗ ಇಟ್ಟಿರಿ, ಸರಿ. ಅಲ್ಲಿಂದ ಅದನ್ನ ಯಾರು ಒಯ್ಯಬೇಕಾಗಿತ್ತು?"

ಯೋಚಿಸದೆ ಉತ್ತರ ಬಂತು.

"ನಮ್ಮ ಮನಿಯವರು ಒಯ್ಯತಾರಲ್ರಿ."

ಒಯ್ಯುತ್ತಿದ್ದರು ಎನ್ನಬೇಕಿತ್ತು. ಹೇಳಿ ಮುಗಿದ ಮೇಲೆ ನನ್ನ ಕಿವಿಗೇ ಅದು ಕೇಳಿಸಿತು. ಟೈ ಕಟ್ಟಿದವರು ಕಟ್ಟನ್ನು ಮುಚ್ಚಿ ದಾರ ಮತ್ತೆ ಬಿಗಿಯಾಗಿ ಕಟ್ಟಿ ನನ್ನ ಮುಂದೆ ಸರಿಸಿದರು. ಸಾವಕಾರರು ಕಿಟಕಿಯ ಹೊರಗೆ ನೋಡುತ್ತಿದ್ದರು. ಎರಡು ಶುಕ್ರವಾರ ನಾನು ಅವರು ಒಯ್ಯಲಿ ಎಂದೇ ಕಾದಿದ್ದೆ. ಮರೆವಲ್ಲ ಅದು. ಅವರು ಸತ್ತಿದ್ದಾರೆ ಎಂಬುದನ್ನು ನಾನು ಇನ್ನೂ ಒಪ್ಪಿಕೊಂಡೇ ಇರಲಿಲ್ಲ.

ಖಾಸಗಿ ಕಂಪನಿ ತನ್ನ ಮಾತು ಬದಲಿಸಲಿಲ್ಲ. ಬದಲಿಸಿದ್ದು ನಮ್ಮವರು. ಹೆಚ್ಚಿನ ಪ್ರೀಮಿಯಂ ಪೂರ್ತಿಯಾಗಿ ನಮ್ಮಲ್ಲೇ ಉಳಿದಿದೆ, ಖಾಸಗಿಯವರ ಚೆಕ್ಕು ಹೊರಗೇ ಹೋಗಿಲ್ಲ, ಗಿರಾಕಿಯ ತಪ್ಪು ಏನೂ ಇಲ್ಲ, ಆದ್ದರಿಂದ ಅವರ ಪಾಲಿನಲ್ಲಿ ಬಿದ್ದ ಕೊರತೆಯನ್ನು ಲೀಡರೇ ತುಂಬಬೇಕು ಎಂದು ಮೇಲಿನ ಕಚೇರಿ ತೀರ್ಮಾನಿಸಿತು. ತಪ್ಪು ನಮ್ಮದೇ ಎಂದು ಕೈಬರಹದಲ್ಲಿ ಇದ್ದದ್ದರಿಂದ ವಾದ ಬೆಳೆಯಲಿಲ್ಲ. ಫೋನಿನ ಕಥೆ ಹೇಳಿದ್ದರೆ ಅವರು ಇಲ್ಲ ಎನ್ನುತ್ತಿದ್ದರು, ನಾವು ಹೌದು ಎನ್ನುತ್ತಿದ್ದೆವು, ಸಾವಕಾರರು ಕೋರ್ಟಿನ ಮೆಟ್ಟಿಲು ಸವೆಸುತ್ತಿದ್ದರು ಎಂದು ಮ್ಯಾನೇಜರೇ ಆಮೇಲೆ ಒಪ್ಪಿಕೊಂಡರು. ನನಗೆ ಒಂದು ಮೆಮೊ ಬಂತು. ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ ಹೋಯಿತು. ನೌಕರಿ ಉಳಿಯಿತು. ಇನ್ನು ಮುಂದೆ ಇಂಥ ಕಾಗದಗಳನ್ನು ರಿಜಿಸ್ಟರ್ಡ್ ಅಂಚೆಯಲ್ಲೇ ಕಳಿಸಬೇಕೆಂದು ಆದೇಶವೂ ಬಂತು.

ಮಳೆಗಾಲ ಶುರುವಾಗುವ ಹೊತ್ತಿಗೆ ಕಾರ್ಖಾನೆಯ ಗೇಟು ತೆರೆಯಿತು. ಸಾವಕಾರರು ಕಚೇರಿಗೆ ಬಂದು, ಉಪಕಾರದ ಮಾತೇನೂ ಆಡದೆ, ನನ್ನ ಎದುರು ಕುಳಿತು ನೀರು ಕುಡಿದರು. "ನಿಮ್ಮ ಮನಿಯವರು ಇದ್ದಿದ್ದರ ಹಿಂಗ ಆಗತಿದ್ದಿಲ್ಲರಿ ಅಕ್ಕಾರ," ಎಂದರು. ಹೌದ್ರಿ ಎಂದೆ. ಆ ಮಾತು ಚುಚ್ಚಲಿಲ್ಲ. ಹಾವೇರಿಯ ಆ ದಿನದ ನಂತರ, ನನ್ನ ಗಂಡ ಇಲ್ಲ ಎಂದು ನನ್ನ ಮುಖಕ್ಕೆ ನೇರವಾಗಿ ಹೇಳಿದವರು ಸಾವಕಾರರೊಬ್ಬರೇ.

ಅಂಚೆಯ ಆದೇಶ ಬರುವುದಕ್ಕೆ ಮುಂಚೆ ಒಂದು ಶುಕ್ರವಾರ ಮಾತ್ರ ನನಗೆ ಸಿಕ್ಕಿತ್ತು. ಸುಟ್ಟ ಗೋದಾಮನ್ನು ಪಾಲಿಸಿಯಿಂದ ತೆಗೆದ ಎಂಡಾರ್ಸ್‌ಮೆಂಟಿನ ಎರಡು ಪ್ರತಿ ಇದ್ದವು. ಅವನ್ನು ಚೀಲಕ್ಕೆ ಹಾಕಿ, ಚೀಲವನ್ನು ಕುರ್ಚಿಯಿಂದ ತೆಗೆದು ಹೆಗಲಿಗೆ ಹಾಕಿಕೊಂಡು ಮಧ್ಯಾಹ್ನದ ಬಸ್ಸು ಹತ್ತಿದೆ. ಹಾವೇರಿಯ ಸರಕಾರಿ ಕಂಪನಿಯ ಗುಮಾಸ್ತರು ಚೀಲವನ್ನು ಗುರುತಿಸಿದರು. ಮೊಹರು ಒತ್ತಿ, ತಾರೀಖು ಬರೆದು, ತಂದವರ ಸಹಿ ಎಂದಿರುವ ಕಡೆ ಬೆರಳು ತೋರಿಸಿದರು. ಅಲ್ಲಿ ನನ್ನ ಹೆಸರು ಬರೆದೆ. ಮಹಡಿ ಹತ್ತಿ ಖಾಸಗಿಯವರ ಒಂದು ಕೋಣೆಯ ಕಚೇರಿಯಲ್ಲೂ ಹಾಗೇ ಬರೆದೆ. ಬಸ್ ನಿಲ್ದಾಣಕ್ಕೆ ಬಂದು ಸಿಮೆಂಟಿನ ಬೆಂಚಿನ ಮೇಲೆ ಕುಳಿತು ಖಾಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಸುತ್ತ ಎಲ್ಲೂ ಮೆಣಸಿನಕಾಯಿಯ ಹೊಗೆ ಇರಲಿಲ್ಲ. ರಾಣೆಬೆನ್ನೂರಿನ ಎರಡು ಬಸ್ಸು ಹೋಗುವವರೆಗೂ ಅತ್ತೆ, ಮೂರನೆಯದಕ್ಕೆ ಹತ್ತಿ ಮನೆಗೆ ಬಂದೆ. ಯಾಕೆ ತಡ ಎಂದು ಮಗಳು ಕೇಳಿದಳು. ಇವತ್ತು ಶುಕ್ರವಾರ ಅಲ್ಲೇನ ಎಂದೆ.